ಪಟ್ಟಣದ ಗಡಿಯೊಳಗೆ ಸಿಕ್ಕಿಕೊಂಡ ಹಳ್ಳಿಗಳು

ಮಹಾತ್ಮ ಗಾಂಧಿ ಉದ್ಯೋಗ ಖಾತ್ರಿ ಕಾಯ್ದೆಯಲ್ಲಿ 'ಗ್ರಾಮೀಣ ಪ್ರದೇಶ' ಎಂದರೆ ಏನು ಎಂದು ಒಂದೇ ಸಾಲಿನಲ್ಲಿ ಬರೆದಿತ್ತು. ನಗರ ಸ್ಥಳೀಯ ಸಂಸ್ಥೆ ಅಥವಾ ಕಂಟೋನ್ಮೆಂಟ್ ಬೋರ್ಡ್ ವ್ಯಾಪ್ತಿಗೆ ಸೇರದ ಜಾಗವೆಲ್ಲ ಗ್ರಾಮೀಣ. ಅಲ್ಲಿ ಹೊಲ ಇದೆಯಾ, ಜನ ಕೂಲಿ ಮಾಡುತ್ತಾರಾ ಎಂಬುದನ್ನು ಕಾಯ್ದೆ ಕೇಳುತ್ತಿರಲಿಲ್ಲ. 2025ರ ಡಿಸೆಂಬರ್‌ನಲ್ಲಿ ಸಂಸತ್ತು ಆ ಕಾಯ್ದೆಯ ಜಾಗಕ್ಕೆ ಹೊಸದೊಂದನ್ನು ತಂದಿತು. ಅದೂ ಗ್ರಾಮೀಣ ಪ್ರದೇಶಕ್ಕೆ ಮಾತ್ರ. ಹಾಗಾಗಿ ಒಂದು ಗ್ರಾಮ ಪಂಚಾಯಿತಿಯನ್ನು ಪಟ್ಟಣ ಪಂಚಾಯಿತಿ ಎಂದು ಸರ್ಕಾರ ಅಂತಿಮ ಅಧಿಸೂಚನೆ ಹೊರಡಿಸಿದರೆ, ಅಲ್ಲಿನ ಮನೆಗಳಲ್ಲಿರುವ ಜಾಬ್ ಕಾರ್ಡ್‌ಗಳಿಗೆ ಮುಂದೆ ಕೆಲಸ ಸಿಗುವುದಿಲ್ಲ.

ಪಟ್ಟಣ ಪಂಚಾಯಿತಿ ಹುಟ್ಟಿದ್ದೇ ಇಂಥ ಊರುಗಳಿಗಾಗಿ. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿ, 243ಕ್ಯೂ ವಿಧಿಯಲ್ಲಿ ಮೂರು ಬಗೆಯ ನಗರ ಸಂಸ್ಥೆಗಳನ್ನು ಹೇಳಿತು. ದೊಡ್ಡ ನಗರಕ್ಕೆ ಮಹಾನಗರಪಾಲಿಕೆ. ಚಿಕ್ಕ ನಗರಕ್ಕೆ ಪುರಸಭೆ ಅಥವಾ ನಗರಸಭೆ. ಇನ್ನೂ ಹಳ್ಳಿಯಿಂದ ನಗರದ ಕಡೆಗೆ ಹೊರಟಿರುವ ಜಾಗಕ್ಕೆ ಮೂರನೆಯದು. ಕರ್ನಾಟಕದಲ್ಲಿ ನಾವು ಅದನ್ನು ಪಟ್ಟಣ ಪಂಚಾಯಿತಿ ಎನ್ನುತ್ತೇವೆ. ಊರು ಪೂರ್ತಿ ಪಟ್ಟಣ ಆಗುವವರೆಗೆ ಎರಡೂ ಕಡೆಯ ಗುಣ ಇರುವ ಒಂದು ಆಡಳಿತ ಬೇಕು ಎಂಬುದು ಇದರ ಹಿಂದಿನ ಯೋಚನೆ. ಯೋಚನೆ ಸರಿಯಾಗಿಯೇ ಇದೆ. ಆದರೆ ನಮ್ಮ ಕಾನೂನಿನಲ್ಲಿ ಬದಲಾವಣೆಗೆ ಒಂದು ದಿನ ಇದೆಯೇ ಹೊರತು ಒಂದು ಅವಧಿ ಇಲ್ಲ. ಹಳ್ಳಿಗೆ ಸಿಗುತ್ತಿದ್ದದ್ದು ಆ ದಿನ ನಿಲ್ಲುತ್ತದೆ. ಪಟ್ಟಣಕ್ಕೆ ಸಿಗಬೇಕಾದದ್ದು ವರ್ಷಗಳ ಮೇಲೆ ನಿಧಾನವಾಗಿ ಬರುತ್ತದೆ. ಈ ನಡುವಿನ ಕಾಲದಲ್ಲಿ ಜಾಸ್ತಿ ಕಳೆದುಕೊಳ್ಳುವವರು ಪೇಟೆಯಿಂದ ದೂರ ಇರುವ ರೈತರು ಮತ್ತು ಕೂಲಿಕಾರರು.

ಅವರು ಪಟ್ಟಣದ ಗಡಿಯೊಳಗೆ ಬಂದದ್ದಾದರೂ ಹೇಗೆ? ಅದನ್ನು ತಿಳಿಯಲು ಲೆಕ್ಕ ನೋಡಬೇಕು.

ಕರ್ನಾಟಕ ಪುರಸಭೆಗಳ ಕಾಯ್ದೆ, 1964ರ 349ನೇ ಕಲಮಿನಲ್ಲಿ ಪಟ್ಟಣ ಪಂಚಾಯಿತಿಗೆ ಮಾನದಂಡ ಇದೆ. ಜನಸಂಖ್ಯೆ 10 ಸಾವಿರದಿಂದ 20 ಸಾವಿರದ ಒಳಗಿರಬೇಕು. ಚದರ ಕಿಲೋಮೀಟರಿಗೆ ಕನಿಷ್ಠ 400 ಜನ ಇರಬೇಕು. ದುಡಿಯುವವರಲ್ಲಿ ಅರ್ಧದಷ್ಟಾದರೂ ಮಂದಿ ಕೃಷಿಯ ಹೊರಗಿನ ಕೆಲಸದಲ್ಲಿರಬೇಕು. ಪುರಸಭೆಗೆ ಬೇಕಾದ ಸಾಂದ್ರತೆ 1,500. ಇಲ್ಲಿ 400 ಸಾಕು, ಯಾಕೆಂದರೆ ಊರು ಇನ್ನೂ ಬೆಳೆಯುತ್ತಿದೆ. ಅದು ನ್ಯಾಯವೇ. ತೊಂದರೆ ಇರುವುದು ಈ ಅಂಕಿಗಳನ್ನು ಇಡೀ ಪ್ರದೇಶದ ಸರಾಸರಿಯಾಗಿ ನೋಡುವುದರಲ್ಲಿ.

ಒಂದು ಊರನ್ನು ಊಹಿಸಿಕೊಳ್ಳಿ. ಬಸ್‌ಸ್ಟ್ಯಾಂಡ್, ಸಂತೆ, ಪದವಿಪೂರ್ವ ಕಾಲೇಜು, ಎರಡು ಬ್ಯಾಂಕು ಇರುವ ಊರು. 5 ಚದರ ಕಿಲೋಮೀಟರಿನಲ್ಲಿ 6,000 ಜನ. ಸಾಂದ್ರತೆ 1,200. ನೋಡಿದರೆ ಪೇಟೆಯೇ. ಆದರೆ 10 ಸಾವಿರ ಜನ ಇಲ್ಲವಲ್ಲ! ಆಗ ಪಕ್ಕದ ಎರಡು ಹಳ್ಳಿಗಳನ್ನು ಸೇರಿಸುತ್ತಾರೆ. ಎರಡರಲ್ಲೂ ತಲಾ 2,200 ಜನ. ಒಂದರ ವಿಸ್ತೀರ್ಣ 9 ಚದರ ಕಿಲೋಮೀಟರ್, ಇನ್ನೊಂದರದು 10. ಈಗ ಒಟ್ಟು ಜನ 10,400, ಒಟ್ಟು ಜಾಗ 24 ಚದರ ಕಿಲೋಮೀಟರ್. ಸಾಂದ್ರತೆ 433. ಪಾಸು. ಆ ಎರಡು ಹಳ್ಳಿಗಳನ್ನು ಬೇರೆಯಾಗಿ ನೋಡಿದರೆ ಸಾಂದ್ರತೆ 220ರಿಂದ 245ರ ನಡುವೆ ನಿಲ್ಲುತ್ತದೆ. ಎರಡೂ ಫೇಲು.

ಕೆಲಸದ ಲೆಕ್ಕವೂ ಹೀಗೆಯೇ. ನೂರಕ್ಕೆ ನಲವತ್ತು ಜನ ದುಡಿಯುವವರು ಎಂದಿಟ್ಟುಕೊಳ್ಳೋಣ. ಪೇಟೆಯಲ್ಲಿ 2,400 ಜನ ದುಡಿಯುತ್ತಾರೆ. ಅವರಲ್ಲಿ ಐವರಲ್ಲಿ ನಾಲ್ವರು ಅಂಗಡಿ, ಕಚೇರಿ, ಗ್ಯಾರೇಜು, ಕಟ್ಟಡದ ಕೆಲಸದವರು. ಅಂದರೆ 1,920. ಎರಡು ಹಳ್ಳಿಗಳಲ್ಲಿ ದುಡಿಯುವವರು 1,760, ಅವರಲ್ಲಿ ಐವರಲ್ಲಿ ಒಬ್ಬರು ಮಾತ್ರ ಕೃಷಿಯ ಹೊರಗೆ. ಅಂದರೆ 352. ಎಲ್ಲ ಕೂಡಿಸಿದರೆ 4,160 ಜನರಲ್ಲಿ 2,272 ಮಂದಿ, ಶೇಕಡ 54ಕ್ಕಿಂತ ಜಾಸ್ತಿ. ಮತ್ತೆ ಪಾಸು. ಕಾಗದದ ಮೇಲೆ ಎಲ್ಲವೂ ನಿಯಮದ ಪ್ರಕಾರವೇ ಇದೆ. ಯಾರೂ ಸುಳ್ಳು ಬರೆದಿಲ್ಲ. ಆದರೂ ಆ ಎರಡು ಹಳ್ಳಿಗಳ 1,408 ರೈತರು, ಕೂಲಿಗಳು ಈಗ ಪಟ್ಟಣದವರು.

ಊಹೆಯ ಊರಿನ ಲೆಕ್ಕ ಇದು. ಆದರೆ ಇದೇ ತಕರಾರು ಬೈಂದೂರಿನಲ್ಲಿ ಬೀದಿಗೆ ಬಂದಿದೆ. ಉಡುಪಿ ಜಿಲ್ಲೆಯ ಬೈಂದೂರು ಹೊಸ ತಾಲ್ಲೂಕು ಕೇಂದ್ರ. ಅಲ್ಲಿ ಪೇಟೆಯ ಜೊತೆಗೆ ಸುತ್ತಲಿನ ಹಳ್ಳಿಗಳನ್ನೂ ಸೇರಿಸಿ ಪಟ್ಟಣ ಪಂಚಾಯಿತಿ ಮಾಡಿದರು. ಗ್ರಾಮೀಣ ಭಾಗಗಳನ್ನು ಕೈಬಿಡಿ ಎಂದು 2025ರಲ್ಲಿ ರೈತರು ಧರಣಿ ಕೂತರು. ಕೃಷಿಯೇ ಬದುಕಾಗಿರುವ, ಕಾಡಂಚಿನ ಊರುಗಳು ಪಟ್ಟಣ ಹೇಗಾದವು ಎಂಬುದು ಅವರ ಪ್ರಶ್ನೆ. ಹೊಸ ತಾಲ್ಲೂಕು ಆದ ಕೂಡಲೇ ಅದರ ಕೇಂದ್ರವನ್ನು ಮೇಲ್ದರ್ಜೆಗೆ ಏರಿಸಬೇಕು ಎಂಬ ಒತ್ತಡ ಹುಟ್ಟುತ್ತದೆ. ತಾಲ್ಲೂಕು ಕೇಂದ್ರದಲ್ಲಿ ಗ್ರಾಮ ಪಂಚಾಯಿತಿ ಇದ್ದರೆ ಅವಮಾನ ಎಂಬಂತೆ ಮಾತಾಡುವ ಮುಖಂಡರನ್ನು ನಾವೆಲ್ಲ ಕೇಳಿದ್ದೇವೆ. ಆ ಒತ್ತಡದಲ್ಲಿ ಜನಸಂಖ್ಯೆಯ ಅಂಕಿ ತುಂಬಿಸಲು ಹಳ್ಳಿಗಳು ಬೇಕಾಗುತ್ತವೆ.

ಕೈತಪ್ಪುವುದರಲ್ಲಿ ಕೂಲಿಯದ್ದು ಮೊದಲ ಹೊಡೆತ. ಅದು ಬರೀ ದಿನಗೂಲಿಯ ಮಾತಲ್ಲ. ಅಡಿಕೆ ತೋಟಕ್ಕೆ ಗುಂಡಿ ತೋಡುವುದು, ಕೃಷಿ ಹೊಂಡ, ದನದ ಕೊಟ್ಟಿಗೆ, ಬದು, ತೆರೆದ ಬಾವಿ ಇವೆಲ್ಲ ನಮ್ಮ ಹಳ್ಳಿಗಳಲ್ಲಿ ಉದ್ಯೋಗ ಖಾತ್ರಿಯ ದುಡ್ಡಿನಲ್ಲೇ ಆಗುತ್ತಿದ್ದವು. ಸಣ್ಣ ರೈತನಿಗೆ ತನ್ನ ಜಮೀನಿನಲ್ಲೇ ಕೆಲಸ ಮಾಡಿ ಕೂಲಿಯೂ ಸಿಗುತ್ತಿತ್ತು, ಜಮೀನೂ ಸುಧಾರಿಸುತ್ತಿತ್ತು. ಪಟ್ಟಣ ಪಂಚಾಯಿತಿಯಲ್ಲಿ ಇದಕ್ಕೆ ಬದಲಿ ಇಲ್ಲ. ಕೇರಳದಲ್ಲಿ ನಗರದವರಿಗೂ 'ಅಯ್ಯನ್‌ಕಾಳಿ' ಹೆಸರಿನ ಉದ್ಯೋಗ ಖಾತ್ರಿ ಯೋಜನೆ 2010ರಿಂದ ಇದೆ. ನಮ್ಮಲ್ಲಿ ಅಂಥದ್ದು ಬಂದಿಲ್ಲ.

ಎರಡನೆಯದು ಮಕ್ಕಳದ್ದು. ಇದು ಅಧಿಸೂಚನೆ ಬರುವಾಗ ಯಾರ ಗಮನಕ್ಕೂ ಬರುವುದಿಲ್ಲ, ಹತ್ತು ವರ್ಷದ ಮೇಲೆ ಬರುತ್ತದೆ. ಸಿಇಟಿ ಮೂಲಕ ವೃತ್ತಿಶಿಕ್ಷಣಕ್ಕೆ ಸೇರುವಾಗ ಗ್ರಾಮೀಣ ಅಭ್ಯರ್ಥಿಗಳಿಗೆ ಶೇ 15ರಷ್ಟು ಸೀಟು ಮೀಸಲು. ರಾಜ್ಯ ಸರ್ಕಾರದ ನೇಮಕಾತಿಯಲ್ಲಿ ಶೇ 25. ಇದಕ್ಕೆ ಒಂದರಿಂದ ಹತ್ತನೇ ತರಗತಿವರೆಗೆ ಗ್ರಾಮೀಣ ಶಾಲೆಯಲ್ಲೇ ಓದಿರಬೇಕು. ಸಿಇಟಿ ನಿಯಮದಲ್ಲಿ ಗ್ರಾಮೀಣ ಎಂದರೆ ದೊಡ್ಡ ನಗರ, ಚಿಕ್ಕ ನಗರ, ಪರಿವರ್ತನೆಯ ಪ್ರದೇಶ ಈ ಮೂರೂ ಅಲ್ಲದ ಜಾಗ. ಪರಿವರ್ತನೆಯ ಪ್ರದೇಶ ಅಂದರೆ ಇದೇ ಪಟ್ಟಣ ಪಂಚಾಯಿತಿ. ಈಗ ನಾಲ್ಕನೇ ತರಗತಿಯಲ್ಲಿರುವ ಹುಡುಗಿಯನ್ನು ತೆಗೆದುಕೊಳ್ಳಿ. ಅವಳ ಶಾಲೆ ಅದೇ ಹಂಚಿನ ಮಾಡಿನ ಸರ್ಕಾರಿ ಶಾಲೆ, ಮೇಷ್ಟ್ರು ಅವರೇ, ಬರುವ ದಾರಿಯೂ ಗದ್ದೆ ಬದುವಿನದ್ದೇ. ಆದರೆ ಐದನೆಯ ತರಗತಿಯಿಂದ ಅವಳು ಓದುವುದು ಪಟ್ಟಣದ ಶಾಲೆ. ಹತ್ತು ವರ್ಷದ ಲೆಕ್ಕ ಅಲ್ಲಿಗೆ ತುಂಡಾಯಿತು. ಸೀಟು ಕೇಳುವಾಗ ಅವಳು ಬೆಂಗಳೂರಿನ ಮಗುವಿನ ಜೊತೆ ಒಂದೇ ಸಾಲಿನಲ್ಲಿ ನಿಲ್ಲಬೇಕು. ನನಗೆ ಈ ಇಡೀ ವಿಷಯದಲ್ಲಿ ಅತಿ ಜಾಸ್ತಿ ನೋಯಿಸುವುದು ಇದೇ.

ಮೂರನೆಯದು ಬಗರ್‌ಹುಕುಂ. ಸರ್ಕಾರಿ ಜಮೀನಿನಲ್ಲಿ ಸಾಗುವಳಿ ಮಾಡುತ್ತಿರುವವರು ಅಕ್ರಮ ಸಕ್ರಮಕ್ಕೆ ಅರ್ಜಿ ಹಾಕಿ ಕಾಯುತ್ತಿರುತ್ತಾರೆ. ನಗರ ಸಂಸ್ಥೆಯ ಗಡಿಯಿಂದ ನಿಗದಿತ ದೂರದೊಳಗಿನ ಜಮೀನನ್ನು ಹೀಗೆ ಸಕ್ರಮ ಮಾಡಲು ಕಾನೂನು ಬಿಡುವುದಿಲ್ಲ. ಗಡಿ ಹಿಗ್ಗಿದರೆ ಆ ದೂರವೂ ಅದರ ಜೊತೆ ಮುಂದಕ್ಕೆ ಹೋಗುತ್ತದೆ. ಹೀಗಾಗಿ ಪಟ್ಟಣಕ್ಕೆ ಸೇರದ ಪಕ್ಕದ ಹಳ್ಳಿಯವರಿಗೂ ಇದರ ಬಿಸಿ ತಟ್ಟುತ್ತದೆ. ಮನೆ ಯೋಜನೆಗಳೂ ಬದಲಾಗುತ್ತವೆ. ಬಸವ ವಸತಿ ಹೋಗಿ ವಾಜಪೇಯಿ ನಗರ ವಸತಿ ಬರುತ್ತದೆ. ಪಟ್ಟಿ ಹೊಸದಾಗಿ ಶುರು.

ಪಟ್ಟಿ ಎಂದಾಗ ಗ್ರಾಮಸಭೆಯ ಮಾತು ಹೇಳಲೇಬೇಕು. ಹಳ್ಳಿಯಲ್ಲಿ ಫಲಾನುಭವಿಯ ಹೆಸರನ್ನು ಗ್ರಾಮಸಭೆಯಲ್ಲಿ ಓದಬೇಕು. ಎಷ್ಟೋ ಕಡೆ ಅದು ಸುಮ್ನೆ ಶಾಸ್ತ್ರಕ್ಕೆ ನಡೆಯುತ್ತದೆ, ನಿಜ. ಆದರೂ ಎದ್ದು ನಿಂತು 'ನನ್ನ ಹೆಸರು ಯಾಕಿಲ್ಲ' ಎಂದು ಕೇಳುವ ಹಕ್ಕು ಮತದಾರರ ಪಟ್ಟಿಯಲ್ಲಿರುವ ಪ್ರತಿಯೊಬ್ಬರಿಗೂ ಇದೆ. ಪಟ್ಟಣ ಪಂಚಾಯಿತಿಯಲ್ಲಿ ಗ್ರಾಮಸಭೆ ಇಲ್ಲ. ಮನೆ, ನಿವೇಶನದ ಆಯ್ಕೆ ಶಾಸಕರ ಅಧ್ಯಕ್ಷತೆಯ ಆಶ್ರಯ ಸಮಿತಿಗೆ ಹೋಗುತ್ತದೆ. ಸದಸ್ಯರ ಸಂಖ್ಯೆಯೂ ಇಳಿಯುತ್ತದೆ. ಗ್ರಾಮ ಪಂಚಾಯಿತಿಯಲ್ಲಿ ಸುಮಾರು 400 ಜನರಿಗೆ ಒಬ್ಬ ಸದಸ್ಯ. ನಮ್ಮ ಊಹೆಯ ಊರಿನ 10,400 ಜನಕ್ಕೆ 26 ಜನ ಸದಸ್ಯರು ಇರುತ್ತಿದ್ದರು. ಪಟ್ಟಣ ಪಂಚಾಯಿತಿ ಆದಾಗ ಅದು ಹೆಚ್ಚುಕಡಿಮೆ ಅರ್ಧಕ್ಕೆ ಬರುತ್ತದೆ. ಹಳ್ಳಿಯಲ್ಲಿ ಪಕ್ಷದ ಚಿಹ್ನೆ ಇಲ್ಲದೆ ನಡೆಯುತ್ತಿದ್ದ ಚುನಾವಣೆ ಇಲ್ಲಿ ಪಕ್ಷದ ಚಿಹ್ನೆಯ ಮೇಲೆ ನಡೆಯುತ್ತದೆ.

ಆ ಚುನಾವಣೆಯಾದರೂ ಬೇಗ ನಡೆಯುತ್ತದಾ? ದಕ್ಷಿಣ ಕನ್ನಡದ ಕಡಬವನ್ನು ನೋಡಿ. ಅದೂ ಹೊಸ ತಾಲ್ಲೂಕು ಕೇಂದ್ರ. ಅಲ್ಲಿನ ಪಟ್ಟಣ ಪಂಚಾಯಿತಿಯ 13 ವಾರ್ಡ್‌ಗಳಿಗೆ ಮೊದಲ ಚುನಾವಣೆ ನಡೆದದ್ದು 2025ರ ಆಗಸ್ಟ್‌ನಲ್ಲಿ, ಊರು ಪಟ್ಟಣ ಪಂಚಾಯಿತಿ ಎನಿಸಿಕೊಂಡು ವರ್ಷಗಳಾದ ಮೇಲೆ. ವಾರ್ಡ್ ಗಡಿ ಬರೆಯಬೇಕು, ಮೀಸಲಾತಿ ಪಟ್ಟಿ ಮಾಡಬೇಕು, ಅದರ ಮೇಲೆ ತಕರಾರು ಬಂದರೆ ಹೈಕೋರ್ಟಿಗೆ ಹೋಗುತ್ತದೆ. ಅಲ್ಲಿಯವರೆಗೆ ಆಡಳಿತಾಧಿಕಾರಿಯೇ ಎಲ್ಲ. ಸಾಮಾನ್ಯವಾಗಿ ಅವರು ಕಂದಾಯ ಇಲಾಖೆಯ ಅಧಿಕಾರಿ, ಬೇರೆ ಹತ್ತು ಕೆಲಸದ ನಡುವೆ ಇದೂ ಒಂದು. ಅತ್ತ ಗ್ರಾಮ ಪಂಚಾಯಿತಿ ಸದಸ್ಯರು ಮಾಜಿಗಳಾದರು, ಇತ್ತ ವಾರ್ಡ್ ಸದಸ್ಯರು ಇನ್ನೂ ಹುಟ್ಟಿಲ್ಲ. ಚರಂಡಿ ಕಟ್ಟಿಕೊಂಡರೆ ಯಾರನ್ನು ಕೇಳಬೇಕು? ಪರಿವರ್ತನೆಯ ಕಾಲದಲ್ಲಿ ಜನರ ಮಾತು ಹೆಚ್ಚು ಬೇಕು. ಆಗಲೇ ಅದಕ್ಕೆ ಜಾಗ ಇಲ್ಲದಂತಾಗುತ್ತದೆ.

ಇನ್ನು ಪಟ್ಟಣದ ಸೌಲಭ್ಯ. ಹೊಸ ಪಟ್ಟಣ ಪಂಚಾಯಿತಿಯ ಕಚೇರಿಗೆ ಹೋಗಿ ನೋಡಿ. ಅನೇಕ ಕಡೆ ಅದು ಹಳೆಯ ಗ್ರಾಮ ಪಂಚಾಯಿತಿ ಕಟ್ಟಡವೇ, ಬೋರ್ಡು ಮಾತ್ರ ಹೊಸದು. ಒಳಗೆ ಅದೇ ಬಿಲ್ ಕಲೆಕ್ಟರ್, ಅದೇ ಡೇಟಾ ಎಂಟ್ರಿ ಆಪರೇಟರ್, ನೀರು ಬಿಡುವವನೂ ಅವನೇ. ಪಿಡಿಒ ಕೂರುತ್ತಿದ್ದ ಕುರ್ಚಿಯಲ್ಲಿ ಈಗ ಮುಖ್ಯಾಧಿಕಾರಿ, ಅವರಿಗೂ ಪಕ್ಕದ ಇನ್ನೊಂದು ಊರಿನ ಪ್ರಭಾರ. ಎಂಜಿನಿಯರ್ ವಾರಕ್ಕೊಮ್ಮೆ ಬಂದರೆ ಪುಣ್ಯ. ಹಳೆಯ ಸಿಬ್ಬಂದಿಯನ್ನು ಹೊಸ ಸಂಸ್ಥೆಯಲ್ಲಿ ಯಾವ ಹುದ್ದೆಗೆ ಸೇರಿಸಿಕೊಳ್ಳಬೇಕು ಎಂಬ ಕಡತ ಎರಡು ಇಲಾಖೆಗಳ ನಡುವೆ ಓಡಾಡುತ್ತಿರುತ್ತದೆ. ಗ್ರಾಮ ಪಂಚಾಯಿತಿ ಇರುವುದು ಗ್ರಾಮೀಣಾಭಿವೃದ್ಧಿ ಇಲಾಖೆಯ ಕೆಳಗೆ, ಪಟ್ಟಣ ಪಂಚಾಯಿತಿ ಇರುವುದು ಪೌರಾಡಳಿತದ ಕೆಳಗೆ.

ದುಡ್ಡಿನ ಲೆಕ್ಕವನ್ನೂ ನೋಡೋಣ. ರಾಜ್ಯದಲ್ಲಿ 700 ಜನರಿಗೆ ಒಬ್ಬ ಪೌರಕಾರ್ಮಿಕ ಎಂಬ ಮಾನದಂಡ ಇದೆ. ನಮ್ಮ 10,400 ಜನರ ಊರಿಗೆ 15 ಜನ ಬೇಕು. ತಲಾ ತಿಂಗಳಿಗೆ 20 ಸಾವಿರ ರೂಪಾಯಿ ಖರ್ಚು ಎಂದು ಹಿಡಿದರೂ ವರ್ಷಕ್ಕೆ 36 ಲಕ್ಷ ಆಗುತ್ತದೆ. ಊರಿನಲ್ಲಿ 2,600 ಮನೆ, ಸರಾಸರಿ ಸಾವಿರ ರೂಪಾಯಿ ಆಸ್ತಿ ತೆರಿಗೆ, ಎಲ್ಲರೂ ಕಟ್ಟಿದರು ಎಂದೇ ಇಟ್ಟುಕೊಳ್ಳೋಣ. ಬರುವುದು 26 ಲಕ್ಷ. ಕಸ ಗುಡಿಸುವುದಕ್ಕೇ ತೆರಿಗೆ ಸಾಲದು. ಕಾಯಂ ನೌಕರರ ಸಂಬಳ ರಾಜ್ಯ ಹಣಕಾಸು ಆಯೋಗದ ಅನುದಾನದಿಂದ ಬರುತ್ತದೆ, ಆದರೆ ಹುದ್ದೆ ಮಂಜೂರಾದರೆ ಮಾತ್ರ. ಆಗುವವರೆಗೆ ಇರುವ ನಾಲ್ಕಾರು ಜನ ಪೇಟೆಯ ಬೀದಿಯನ್ನು ಗುಡಿಸುತ್ತಾರೆ. ಕಸದ ಗಾಡಿ ನಾಲ್ಕು ಕಿಲೋಮೀಟರ್ ಆಚೆಯ ಹಳ್ಳಿಗೆ ಹೋಗುವುದಿಲ್ಲ. ಆ ಹಳ್ಳಿಯವರಿಗೆ ಪಟ್ಟಣ ಗೊತ್ತಾಗುವುದು ತೆರಿಗೆ ರಸೀದಿಯಲ್ಲಿ ಮಾತ್ರ. ನಗರ ಸಂಸ್ಥೆಯ ಆಸ್ತಿ ತೆರಿಗೆ ಜಮೀನು, ಕಟ್ಟಡದ ಮಾರ್ಗಸೂಚಿ ಬೆಲೆಗೆ ತಳಕು ಹಾಕಿಕೊಂಡಿದೆ. ಪಟ್ಟಣ ಎಂದಾದ ಮೇಲೆ ಆ ಬೆಲೆ ಏರುವುದೇ ಹೊರತು ಇಳಿಯುವುದಿಲ್ಲ.

ಖಾತೆಯ ಗೋಳು ಪೇಟೆಯವರನ್ನೂ ಬಿಡುವುದಿಲ್ಲ. ಗ್ರಾಮ ಪಂಚಾಯಿತಿಯ ಆಸ್ತಿ ದಾಖಲೆ ಇ-ಸ್ವತ್ತು ತಂತ್ರಾಂಶದಲ್ಲಿ ಇರುತ್ತದೆ, ನಮೂನೆ 9, 11ಎ, 11ಬಿ ಎಂದು. ಪಟ್ಟಣ ಪಂಚಾಯಿತಿಯದ್ದು ಇ-ಆಸ್ತಿ, ಬೇರೆಯೇ ವ್ಯವಸ್ಥೆ. ಒಂದರಿಂದ ಇನ್ನೊಂದಕ್ಕೆ ಹೋಗುವಾಗ ಪ್ರತಿ ಮನೆಯ ಅಳತೆ, ಚೆಕ್ಕುಬಂದಿ, ಮಾಲೀಕರ ಹೆಸರು, ಫೋಟೊ ಮತ್ತೆ ಸರಿಹೊಂದಬೇಕು. 2024ರ ಅಕ್ಟೋಬರ್‌ನಿಂದ ಇ-ಖಾತೆ ಇಲ್ಲದೆ ಆಸ್ತಿ ನೋಂದಣಿ ಆಗುವುದಿಲ್ಲ. ಹಾಗಾಗಿ ಎರಡು ತಂತ್ರಾಂಶಗಳ ನಡುವೆ ಸಿಕ್ಕಿಕೊಂಡ ನಿವೇಶನವನ್ನು ಮಾರಲೂ ಆಗದು, ಅಡ ಇಟ್ಟು ಸಾಲ ತರಲೂ ಆಗದು. ಮಗಳ ಮದುವೆಗೆ ನಿವೇಶನ ಮಾರಬೇಕು ಎಂದುಕೊಂಡವರು ತಿಂಗಳುಗಟ್ಟಲೆ ಅಲೆಯುತ್ತಾರೆ. ಭೂಪರಿವರ್ತನೆ ಇಲ್ಲದ ಕಂದಾಯ ನಿವೇಶನದಲ್ಲಿ 11ಬಿ ಇಟ್ಟುಕೊಂಡವರ ಪಾಡು ಇನ್ನೂ ಕಷ್ಟ.

ಹಾಗಾದರೆ ಪಟ್ಟಣ ಪಂಚಾಯಿತಿಯೇ ಬೇಡವಾ? ನಾನು ಹಾಗೆ ಹೇಳುವುದಿಲ್ಲ. ಬಸ್‌ಸ್ಟ್ಯಾಂಡ್ ಸುತ್ತ ಮೂರು ಅಂತಸ್ತಿನ ಕಟ್ಟಡ ಎದ್ದಿರುವ ಊರಿಗೆ ಒಳಚರಂಡಿ ಬೇಕು, ಕಟ್ಟಡಕ್ಕೆ ಲಗಾಮು ಬೇಕು, ನೀರಿಗೆ ದೊಡ್ಡ ಯೋಜನೆ ಬೇಕು. ಪಿಡಿಒ ಮತ್ತು ಇಬ್ಬರು ನೀರುಗಂಟಿಗಳಿಂದ ಅದು ಆಗುವ ಕೆಲಸ ಅಲ್ಲ. 2011ರ ಜನಗಣತಿಯಲ್ಲಿ ಕರ್ನಾಟಕದ 347 ಪಟ್ಟಣಗಳಲ್ಲಿ 127 ಊರುಗಳು ಜನಗಣತಿಯ ಲೆಕ್ಕಕ್ಕೆ ಪಟ್ಟಣ, ಆಡಳಿತದಲ್ಲಿ ಇನ್ನೂ ಗ್ರಾಮ. ಅಲ್ಲಿನ ಕಸ, ಕೊಳಚೆ ಕೆರೆಗೆ ಸೇರುತ್ತಿರುವುದನ್ನು ನೋಡಿದವರು ಪಟ್ಟಣ ಪಂಚಾಯಿತಿ ಬೇಡ ಎನ್ನಲಾರರು.

ಹಳ್ಳಿಯಾಗಿಯೇ ಉಳಿದು ಹಣ ಪಡೆಯುವ ದಾರಿಯನ್ನು ತಮಿಳುನಾಡು ಒಮ್ಮೆ ಹಿಡಿದಿತ್ತು. ಕೇಂದ್ರದ ಗ್ರಾಮೀಣ ಅನುದಾನ ತಪ್ಪಿಹೋಗುತ್ತಿದೆ ಎಂದು 2004ರಲ್ಲಿ 561 ಪಟ್ಟಣ ಪಂಚಾಯಿತಿಗಳನ್ನು ವಿಶೇಷ ಗ್ರಾಮ ಪಂಚಾಯಿತಿಗಳನ್ನಾಗಿ ಮಾಡಿತು. ಎರಡೇ ವರ್ಷಕ್ಕೆ, 2006ರಲ್ಲಿ, ಮತ್ತೆ ಪಟ್ಟಣ ಪಂಚಾಯಿತಿ. ಕೇರಳ ಈ ನಡುವಿನ ಮೆಟ್ಟಿಲನ್ನೇ ಇಟ್ಟುಕೊಂಡಿಲ್ಲ, ಅಲ್ಲಿ ಗ್ರಾಮ ಪಂಚಾಯಿತಿಯಿಂದ ನೇರ ಮುನಿಸಿಪಾಲಿಟಿ. ತಮಿಳುನಾಡಿನ ಅನುಭವ ನೋಡಿದರೆ ಹಣದ ಹರಿವು ಬೋರ್ಡಿಗೆ ಅಂಟಿಕೊಂಡಿರುವವರೆಗೆ ಬೋರ್ಡು ಹಿಂದೆಮುಂದೆ ಮಾಡುವ ಆಸೆ ಹೋಗುವುದಿಲ್ಲ ಎನಿಸುತ್ತದೆ.

ಸರಿಮಾಡುವ ದಾರಿ ಇದೆ. ಸಾಂದ್ರತೆ ಮತ್ತು ಕೆಲಸದ ಲೆಕ್ಕವನ್ನು ಸೇರಿಸುವ ಪ್ರತಿ ಕಂದಾಯ ಗ್ರಾಮಕ್ಕೂ ಬೇರೆಬೇರೆಯಾಗಿ ಹಾಕಬೇಕು. ಫೇಲಾದ ಗ್ರಾಮ ಹೊರಗೆ ಉಳಿಯಲಿ. ಪೇಟೆಯಲ್ಲೇ 10 ಸಾವಿರ ಜನ ಇಲ್ಲದಿದ್ದರೆ ಕಾಯೋಣ, ಅಥವಾ ಆ ಮಿತಿಯನ್ನೇ ಇಳಿಸೋಣ. ಗಡಿಯೊಳಗೆ ಬಂದವರಿಗೂ ಕೂಲಿ ಮತ್ತು ಗ್ರಾಮೀಣ ಮೀಸಲಾತಿ ಕೆಲವು ವರ್ಷ ಮುಂದುವರಿಯಲಿ. ಮೀಸಲಾತಿ ರಾಜ್ಯದ ಕೈಯಲ್ಲೇ ಇದೆ, ಅದಕ್ಕೆ ದೆಹಲಿಯನ್ನು ಕಾಯಬೇಕಿಲ್ಲ. ಅಧಿಸೂಚನೆ ಬರುವ ದಿನಕ್ಕೆ ಶಾಲೆಗೆ ಸೇರಿದ್ದ ಮಗು ಹತ್ತು ಮುಗಿಸುವವರೆಗೆ ಗ್ರಾಮೀಣ ಎಂದು ಒಂದು ಸಾಲು ಸೇರಿಸಿದರೆ ಸಾಕು.

ನಿಮ್ಮ ಊರಿನ ಹೆಸರೂ ಇಂಥ ಪ್ರಸ್ತಾಪದಲ್ಲಿದ್ದರೆ ಕರಡು ಅಧಿಸೂಚನೆಯ ಮೇಲೆ ಕಣ್ಣಿಡಿ. ಅದರ ಮೇಲೆ ಆಕ್ಷೇಪಣೆ ಸಲ್ಲಿಸಲು 30 ದಿನ ಕೊಡುತ್ತಾರೆ. ಅಂತಿಮ ಅಧಿಸೂಚನೆ ಬಂದ ಮೇಲೆ ಧರಣಿ ಕೂರುವುದಕ್ಕಿಂತ ಈ 30 ದಿನಕ್ಕೆ ಬೆಲೆ ಜಾಸ್ತಿ. ಕರಡಿನ ಜೊತೆ ಸೇರುವ ಗ್ರಾಮಗಳು, ಸರ್ವೆ ನಂಬರುಗಳ ಪಟ್ಟಿ ಇರುತ್ತದೆ. ನಿಮ್ಮ ಗ್ರಾಮದ ಜನಸಂಖ್ಯೆಯನ್ನು ವಿಸ್ತೀರ್ಣದಿಂದ ಭಾಗಿಸಿ ನೋಡಿ. 400ಕ್ಕಿಂತ ಕಡಿಮೆ ಬಂದರೆ ಆ ಅಂಕಿಯನ್ನೇ ಅರ್ಜಿಯಲ್ಲಿ ಬರೆಯಿರಿ, ಗ್ರಾಮಸಭೆಯ ನಿರ್ಣಯದ ಪ್ರತಿ ಲಗತ್ತಿಸಿ, ಜಿಲ್ಲಾಧಿಕಾರಿ ಕಚೇರಿಯಲ್ಲಿ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. 'ನಮಗೆ ಪಟ್ಟಣ ಬೇಡ' ಎಂದಷ್ಟೇ ಬರೆದ ಅರ್ಜಿಯನ್ನು ತಳ್ಳಿಹಾಕುವುದು ಸುಲಭ. ಅಂಕಿ ಇದ್ದರೆ ಉತ್ತರ ಕೊಡಬೇಕಾಗುತ್ತದೆ, ಮುಂದೆ ಕೋರ್ಟಿಗೆ ಹೋದರೂ ಅದೇ ಆಧಾರ.

ಸದ್ಯ ಒಂದು ಬಿಡುವು ಸಿಕ್ಕಿದೆ. ಜನಗಣತಿಗಾಗಿ 2026ರ ಜನವರಿ 1ರಿಂದ 2027ರ ಮಾರ್ಚ್ 31ರವರೆಗೆ ಆಡಳಿತದ ಗಡಿಗಳನ್ನು ಬದಲಿಸುವಂತಿಲ್ಲ. ಈವರೆಗೆ ಎಲ್ಲ ಪ್ರಸ್ತಾಪಗಳೂ 2011ರ ಅಂಕಿಗಳ ಮೇಲೆಯೇ ನಿಂತಿದ್ದವು. ಹೊಸ ಅಂಕಿ ಬಂದಾಗ ಎಷ್ಟೋ ಊರುಗಳು 10 ಸಾವಿರ ದಾಟಿರುತ್ತವೆ, ಮೇಲ್ದರ್ಜೆಗೆ ಏರಿಸಿ ಎಂಬ ಕಡತಗಳು ಒಟ್ಟಿಗೆ ಮೇಲೇಳುತ್ತವೆ. 349ನೇ ಕಲಮನ್ನು ತಿದ್ದುವುದಿದ್ದರೆ ಅದಕ್ಕೂ ಮೊದಲೇ ತಿದ್ದಬೇಕು.